ವಿದೇಶಿ ವಿಶ್ವವಿದ್ಯಾಲಯದ ಶುಲ್ಕ: ಯಾರ ಹೆಸರಿನಿಂದ, ಯಾವ ದಾರಿಯಿಂದ, ಯಾವ ರಸೀದಿಯಿಂದ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರದೇಶದಲ್ಲಿ ಓದಲು ಸೀಟು ಸಿಕ್ಕ ಮಕ್ಕಳ ಪಾಲಕರು ಈಚೆಗೆ ನಮ್ಮ ಬಳಿ ಬಂದಾಗ ಕೇಳುವ ಪ್ರಶ್ನೆ ಬದಲಾಗಿದೆ. ಮೊದಲು 'ಯಾವ ಕೋರ್ಸು, ಯಾವ ದೇಶ' ಎಂದು ಕೇಳುತ್ತಿದ್ದರು. ಈಗ 'ರೊಕ್ಕ ಹೊಂದಿಸಿದ್ದೇವೆ, ಅದನ್ನು ಅಲ್ಲಿಗೆ ಮುಟ್ಟಿಸುವುದು ಹ್ಯಾಗೆ' ಎಂದು ಕೇಳುತ್ತಾರೆ. ಹೊಲ ಮಾರಿದ ಹಣ, ತಾಯಿಯ ಬಂಗಾರದ ಹಣ, ಟ್ರಸ್ಟಿನ ವಿದ್ಯಾರ್ಥಿವೇತನ, ದುಬೈಯಲ್ಲಿರುವ ಮಾವನ ಸಹಾಯ, ಇವೆಲ್ಲ ಸೇರಿ ಒಂದು ಶುಲ್ಕವಾಗುತ್ತದೆ. ಅಷ್ಟು ಕಷ್ಟಪಟ್ಟು ಕೂಡಿಸಿದ ಹಣ ದಾರಿಯಲ್ಲಿ ಸೋರಬಾರದು, ಸಿಕ್ಕಿಹಾಕಿಕೊಳ್ಳಬಾರದು. ಆದ್ದರಿಂದ ಇವತ್ತು ನಾವು ಇದೊಂದೇ ವಿಷಯ ಮಾತಾಡುತ್ತೇವೆ.

ನಾವು ಹೇಳುವುದರ ಸಾರ ಎರಡು ಮಾತು. ಒಂದು, ಬ್ಯಾಂಕಿಗೆ ಹೋಗುವ ಮೊದಲು ಹಣ ಯಾರ ಹೆಸರಿನಿಂದ ಹೋಗಬೇಕು ಎಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಬೇಕು. ಎರಡು, ನಮ್ಮ ಖಾತೆಯಿಂದ ಹಣ ಕಡಿತವಾದ ದಿನ ಶುಲ್ಕ ಕಟ್ಟಿದಂತೆ ಆಗುವುದಿಲ್ಲ. ವಿಶ್ವವಿದ್ಯಾಲಯವು ಆ ಹಣವನ್ನು ವಿದ್ಯಾರ್ಥಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡ ದಿನ ಶುಲ್ಕ ಕಟ್ಟಿದಂತೆ.

ಕಾನೂನಿನ ದಾರಿ

ನಮ್ಮ ದೇಶದಲ್ಲಿ ವಾಸವಾಗಿರುವ ಒಬ್ಬ ವ್ಯಕ್ತಿ ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ 2004ರ ಫೆಬ್ರವರಿಯಲ್ಲಿ ಒಂದು ಯೋಜನೆ ತಂದಿತು. ಬ್ಯಾಂಕಿನವರು ಅದನ್ನು ಎಲ್‌ಆರ್‌ಎಸ್ ಎನ್ನುತ್ತಾರೆ. ಆಗ ಅದರ ಮಿತಿ 25,000 ಡಾಲರ್ ಇತ್ತು. ಈಗ ಒಬ್ಬ ವ್ಯಕ್ತಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಆರ್ಥಿಕ ವರ್ಷವೆಂದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ನಮ್ಮ ಕುಟುಂಬಗಳಿಗೆ ಈ ಮಿತಿ ಅಡ್ಡ ಬರುವುದು ಅಪರೂಪ. ಅಡ್ಡ ಬರುವುದು ಬೇರೆ ಸಂಗತಿಗಳು.

ಈ ಯೋಜನೆ ವ್ಯಕ್ತಿಗಳಿಗೆ ಮಾತ್ರ. ಟ್ರಸ್ಟ್, ಕಂಪನಿ, ಪಾಲುದಾರಿಕೆ ಸಂಸ್ಥೆಗಳಿಗೆ ಇಲ್ಲ. 'ನೀವೇ ಟ್ರಸ್ಟಿನ ಖಾತೆಯಿಂದ ನೇರವಾಗಿ ಆ ಯುನಿವರ್ಸಿಟಿಗೆ ಕಳಿಸಿಬಿಡಿ' ಎಂದು ಕೆಲವು ಪಾಲಕರು ಕೇಳುತ್ತಾರೆ. ದಾನಿಗಳಲ್ಲೂ ಕೆಲವರು ಹಾಗೆ ಮಾಡಿದರೆ ಹಣ ಸರಿಯಾದ ಜಾಗಕ್ಕೆ ಹೋಗುತ್ತದೆಂಬ ಒಳ್ಳೆಯ ಉದ್ದೇಶದಿಂದ ಹೇಳುತ್ತಾರೆ. ಆ ದಾರಿ ನಮಗಿಲ್ಲ. ನಾವು ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿಯ ಇಲ್ಲಿನ ಬ್ಯಾಂಕ್ ಖಾತೆಗೆ ರೂಪಾಯಿಯಲ್ಲಿ ಹಾಕುತ್ತೇವೆ, ಅಲ್ಲಿಂದ ಮುಂದೆ ಕುಟುಂಬದವರು ಶುಲ್ಕವಾಗಿ ಕಳಿಸುತ್ತಾರೆ. ನಗದು ಕೊಡುವುದಿಲ್ಲ. ಇದರಿಂದ ಪಾಲಕರಿಗೂ ಅನುಕೂಲವಿದೆ. ಬ್ಯಾಂಕಿನವರು 'ಇಷ್ಟು ಹಣ ಎಲ್ಲಿಂದ ಬಂತು' ಎಂದು ಕೇಳಿದಾಗ ಟ್ರಸ್ಟಿನ ಮಂಜೂರಾತಿ ಪತ್ರ ಮತ್ತು ಪಾಸ್‌ಬುಕ್ಕಿನ ಆ ಸಾಲು ಎರಡೂ ಉತ್ತರ ಕೊಡುತ್ತವೆ.

ಇನ್ನು ಎರಡು ಅಡ್ಡದಾರಿಗಳ ಬಗ್ಗೆ ಹೇಳಬೇಕು. ಮೊದಲನೆಯದು ಏಜೆಂಟರದು. ವೈದ್ಯಕೀಯ ಓದಿಗೆಂದು ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಕೆಲವು ಏಜೆಂಟರು 'ರೂಪಾಯಿಯಲ್ಲಿ ನಮ್ಮ ಖಾತೆಗೆ ಹಾಕಿ, ಫೀಸು ನಾವು ಕಟ್ಟುತ್ತೇವೆ' ಎನ್ನುತ್ತಾರೆ. ಹಾಗೆ ಹಾಕಿದ ಹಣ ಬ್ಯಾಂಕಿನ ದಾಖಲೆಯಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಶುಲ್ಕವಲ್ಲ, ಊರಲ್ಲಿ ಒಬ್ಬ ವ್ಯಾಪಾರಿಗೆ ಕೊಟ್ಟ ಹಣ. ನಾಳೆ ಅಲ್ಲಿ 'ನಿಮ್ಮ ಶುಲ್ಕ ಬಂದಿಲ್ಲ' ಎಂದರೆ ತೋರಿಸಲು ನಿಮ್ಮಲ್ಲಿ ಕಾಗದವಿರುವುದಿಲ್ಲ. ಏಜೆಂಟರ ಸೇವೆಗೆ ಅವರ ಶುಲ್ಕ ಕೊಡಿ, ರಸೀದಿ ಪಡೆಯಿರಿ. ವಿಶ್ವವಿದ್ಯಾಲಯದ ಶುಲ್ಕ ಮಾತ್ರ ವಿಶ್ವವಿದ್ಯಾಲಯಕ್ಕೇ ಹೋಗಲಿ.

ಎರಡನೆಯದು ಗಲ್ಫ್‌ನಲ್ಲಿರುವ ಬಂಧುಗಳದು. ಅಲ್ಲಿ ದುಡಿಯುವ ಚಿಕ್ಕಪ್ಪನೋ ಮಾವನೋ ತನ್ನ ಸ್ವಂತ ಸಂಪಾದನೆಯಿಂದ, ಅಲ್ಲಿನ ಬ್ಯಾಂಕಿನಿಂದಲೇ ಹುಡುಗನ ಶುಲ್ಕ ಕಟ್ಟಿದರೆ ಅದು ಅವನು ಮಾಡಿದ ಸಹಾಯ, ಅದರಲ್ಲಿ ತಪ್ಪಿಲ್ಲ. ಆದರೆ 'ನೀನು ಅಲ್ಲಿ ಕಟ್ಟು, ನಾವು ಇಲ್ಲಿ ನಿನ್ನ ಹೆಂಡತಿಯ ಕೈಗೆ ರೂಪಾಯಿ ಕೊಡುತ್ತೇವೆ' ಎಂಬ ಒಪ್ಪಂದ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ ವಿರುದ್ಧ. ಮನೆಮಂದಿಯ ನಡುವಿನ ವ್ಯವಹಾರ ಎಂದು ನಮಗೆ ಅನ್ನಿಸಬಹುದು, ಕಾಯ್ದೆ ಹಾಗೆ ನೋಡುವುದಿಲ್ಲ. ಮಾವ ಸಹಾಯ ಮಾಡುವುದಿದ್ದರೆ ಹಣವನ್ನು ಬ್ಯಾಂಕಿನ ಮೂಲಕ ಊರಿಗೆ ಕಳಿಸಲಿ, ಇಲ್ಲವೇ ತನ್ನ ಹೆಸರಿನಲ್ಲೇ ನೇರವಾಗಿ ಶುಲ್ಕ ಕಟ್ಟಲಿ. ನೇರವಾಗಿ ಕಟ್ಟುವ ಮೊದಲು ಮೂರನೆಯವರ ಹಣವನ್ನು ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳಬೇಕು.

ಯಾರ ಹೆಸರಿನಿಂದ

ಈಗ ಒಂದು ಲೆಕ್ಕ ಮಾಡೋಣ. ಯಲಬುರ್ಗಾ ಕಡೆಯ ಒಂದು ಕುಟುಂಬ ಎಂದು ಇಟ್ಟುಕೊಳ್ಳಿ. ಮಗಳಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿ ಸೀಟು ಸಿಕ್ಕಿದೆ. ಶುಲ್ಕ 16,000 ಪೌಂಡ್. ಮೊದಲ ಕಂತು 4,000 ಪೌಂಡ್ ಕಟ್ಟಿದರೆ ವೀಸಾಕ್ಕೆ ಬೇಕಾದ ಪ್ರವೇಶ ದೃಢೀಕರಣ ಕೊಡುತ್ತಾರೆ. ಅದನ್ನು ಅವರು ಸಿಎಎಸ್ ಎನ್ನುತ್ತಾರೆ. ಉಳಿದ 12,000 ಪೌಂಡ್ ಆಮೇಲೆ. ಲೆಕ್ಕ ಸುಲಭವಾಗಲೆಂದು ಎರಡೂ ಕಂತಿಗೆ ಬ್ಯಾಂಕಿನ ದರ ಪೌಂಡಿಗೆ 118 ರೂಪಾಯಿ ಎಂದು ಹಿಡಿಯೋಣ. ಮೊದಲ ಕಂತು 4,72,000 ರೂಪಾಯಿ, ಎರಡನೆಯದು 14,16,000 ರೂಪಾಯಿ, ಒಟ್ಟು 18,88,000 ರೂಪಾಯಿ.

ಇದೆಲ್ಲವನ್ನೂ ತಂದೆಯೊಬ್ಬರೇ ತಮ್ಮ ಪ್ಯಾನ್ ಮೇಲೆ ಕಳಿಸಿದರೆ ಏನಾಗುತ್ತದೆ? 2025ರ ಏಪ್ರಿಲ್ 1ರಿಂದ ಇರುವ ನಿಯಮದ ಪ್ರಕಾರ, ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ತೆರಿಗೆ ಹಿಡಿಯಬೇಕು. ಇದಕ್ಕೆ ಟಿಸಿಎಸ್ ಎನ್ನುತ್ತಾರೆ. 2025-26ರಲ್ಲಿ ಓದಿಗಾದರೆ ಅದು ಶೇಕಡಾ 5 ಇತ್ತು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿದ ಭಾಗ 8,88,000 ರೂಪಾಯಿ. ಅದರ ಶೇಕಡಾ 5 ಅಂದರೆ 44,400 ರೂಪಾಯಿ. ಶುಲ್ಕದ ಹಣವಷ್ಟೇ ಖಾತೆಯಲ್ಲಿಟ್ಟು ಬ್ಯಾಂಕಿಗೆ ಹೋದ ತಂದೆಗೆ ಆ ದಿನ ಕೌಂಟರಿನಲ್ಲಿ ಈ 44,400 ಕಡಿಮೆ ಬೀಳುತ್ತದೆ. ಶುಲ್ಕದ ಕೊನೆಯ ದಿನ ಅದೇ ಆಗಿದ್ದರೆ ಓಡಾಟ ಶುರುವಾಗುತ್ತದೆ.

ಈ ಹಣ ಮುಳುಗಿ ಹೋಗುವುದಿಲ್ಲ. ಅದು ತಂದೆಯ ಪ್ಯಾನ್ ಲೆಕ್ಕದಲ್ಲಿ ಜಮಾ ಆಗಿರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ, ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗಿ ಉಳಿದದ್ದು ಮರಳಿ ಖಾತೆಗೆ ಬರುತ್ತದೆ. ನಮ್ಮ ಕಡೆಯ ತೊಂದರೆ ಇಲ್ಲಿಯೇ ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಹೊಲದ ಮನೆಯವರು ಎಂದೂ ರಿಟರ್ನ್ ಸಲ್ಲಿಸಿರುವುದಿಲ್ಲ. 'ನಮಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ' ಎಂದು ಸುಮ್ಮನಿದ್ದರೆ 44,400 ರೂಪಾಯಿ ಅಲ್ಲಿಯೇ ಉಳಿಯುತ್ತದೆ. ತೆರಿಗೆ ಇಲ್ಲದವರಿಗೇ ಪೂರ್ತಿ ಹಣ ಮರಳಿ ಬರುವುದು. ಟಿಸಿಎಸ್ ಹಿಡಿದ ಬ್ಯಾಂಕಿನಿಂದ ಅದರ ಪ್ರಮಾಣಪತ್ರ ಕೇಳಿ ಪಡೆದು, ಆ ವರ್ಷದ ರಿಟರ್ನ್ ತಪ್ಪದೆ ಸಲ್ಲಿಸಿರಿ.

ಈಗ ಅದೇ ಲೆಕ್ಕವನ್ನು ಬೇರೆ ರೀತಿ ನೋಡೋಣ. ಹತ್ತು ಲಕ್ಷದ ಮಿತಿ ಇರುವುದು ಒಬ್ಬೊಬ್ಬ ವ್ಯಕ್ತಿಗೆ. ತಾಯಿಗೂ ಪ್ಯಾನ್ ಇದೆ, ಸ್ವಂತ ಖಾತೆ ಇದೆ, ಬಂಗಾರ ಮಾರಿದ ಹಣ ಅವರ ಖಾತೆಗೇ ಬಂದಿದೆ ಎಂದುಕೊಳ್ಳಿ. ತಂದೆ 9,88,000 ರೂಪಾಯಿ, ತಾಯಿ 9,00,000 ರೂಪಾಯಿ ಕಳಿಸಿದರೆ ಇಬ್ಬರದೂ ಹತ್ತು ಲಕ್ಷದ ಒಳಗೇ ಉಳಿಯಿತು. ಟಿಸಿಎಸ್ ಬರಲಿಲ್ಲ. ಇದಕ್ಕೆ ಷರತ್ತುಗಳಿವೆ. ಇಬ್ಬರೂ ತಮ್ಮ ತಮ್ಮ ಖಾತೆಯಿಂದ, ತಮ್ಮ ಅರ್ಜಿ ಕೊಟ್ಟು ಕಳಿಸಬೇಕು. ಹಣದ ಮೂಲ ತೋರಿಸಲು ಬರಬೇಕು. ಗಂಡ ಹೆಂಡತಿಯ ಖಾತೆಗೆ ಹಣ ಹಾಕಿದ್ದರೆ ಅದು ಉಡುಗೊರೆಯಾಗುತ್ತದೆ, ಗಂಡಹೆಂಡಿರ ನಡುವಿನ ಉಡುಗೊರೆಗೆ ತೆರಿಗೆ ಇಲ್ಲ. ಆದರೂ ಒಂದು ಕಾಗದದ ಮೇಲೆ ಬರೆದು ಸಹಿ ಮಾಡಿ ಇಟ್ಟುಕೊಳ್ಳಿ. ಆ ವರ್ಷದಲ್ಲಿ ಅವರು ಬೇರೆ ಬ್ಯಾಂಕಿನಿಂದ ಹೊರಗೆ ಕಳಿಸಿದ ಹಣವೂ ಇದೇ ಮಿತಿಯಲ್ಲಿ ಸೇರುತ್ತದೆ ಎಂಬುದನ್ನು ಮರೆಯಬಾರದು.

ಬ್ಯಾಂಕಿನ ವಿದ್ಯಾಸಾಲದಿಂದಲೇ ಶುಲ್ಕ ಹೋದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. ನಮ್ಮಲ್ಲಿ ಬಡ್ಡಿಯ ಕಾರಣದಿಂದ ಸಾಲ ಬೇಡವೆಂದು ಬಂಧುಗಳಿಂದ ಕರ್ಜ್-ಎ-ಹಸನಾ ಪಡೆಯುವ ಮನೆಗಳು ಬಹಳ. ಬಂಧುಗಳ ಕೈಸಾಲ ಈ ವಿನಾಯಿತಿಗೆ ಬರುವುದಿಲ್ಲ, ಅದನ್ನು ಸ್ವಂತ ಹಣದಂತೆಯೇ ಲೆಕ್ಕ ಹಾಕುತ್ತಾರೆ. ಅಂಥ ಮನೆಯವರು ಟಿಸಿಎಸ್‌ಗೆ ಹೆದರಿ ಮನಸ್ಸಿಲ್ಲದ ಸಾಲ ಮಾಡಬೇಕಿಲ್ಲ. ಅದು ಮರಳಿ ಬರುವ ಹಣ. ಕೆಲವು ತಿಂಗಳು ಕೈಯಲ್ಲಿ ಇರುವುದಿಲ್ಲ ಅಷ್ಟೆ. ಅಷ್ಟನ್ನು ಮೊದಲೇ ಹೊಂದಿಸಿಡಬೇಕು.

ಪ್ಯಾನ್ ಬಗ್ಗೆ ಇನ್ನೊಂದು ಮಾತು. ಅದು ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಟಿಸಿಎಸ್ ಹೆಚ್ಚಾಗುತ್ತದೆ. ತಾಯಂದಿರ ಪ್ಯಾನ್ ಎಂದೋ ಮಾಡಿಸಿ ಪೆಟ್ಟಿಗೆಯಲ್ಲಿಟ್ಟದ್ದು ಇರುತ್ತದೆ. ಶುಲ್ಕ ಕಟ್ಟುವ ತಿಂಗಳು ಬರುವ ಮೊದಲೇ ಅದನ್ನು ನೋಡಿಕೊಳ್ಳಿ.

ಬ್ಯಾಂಕಿನ ಕಾಗದಗಳು

ನಮ್ಮ ಹಳ್ಳಿಗಳ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ನಡೆಯುವುದಿಲ್ಲ. ಅವರು ಕಾಗದಗಳನ್ನು ದೊಡ್ಡ ಶಾಖೆಗೆ ಕಳಿಸುತ್ತಾರೆ, ಇಲ್ಲವೇ ನಿಮ್ಮನ್ನೇ ಅಲ್ಲಿಗೆ ಹೋಗಲು ಹೇಳುತ್ತಾರೆ. ಆದ್ದರಿಂದ ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಹೋಗಿ 'ಓದಿನ ಶುಲ್ಕ ಹೊರದೇಶಕ್ಕೆ ಕಳಿಸಬೇಕು, ಯಾವ ಶಾಖೆ, ಏನೇನು ಕಾಗದ' ಎಂದು ಕೇಳಿ ಬರೆದುಕೊಳ್ಳಿ. ಖಾತೆ ಹೊಸದಾಗಿದ್ದರೆ ಹಿಂದಿನ ಬ್ಯಾಂಕಿನ ಒಂದು ವರ್ಷದ ಲೆಕ್ಕಪಟ್ಟಿಯನ್ನೋ ರಿಟರ್ನ್ ಪ್ರತಿಯನ್ನೋ ಕೇಳಬಹುದು. ಹಾಗಾಗಿ ವ್ಯವಹಾರ ನಡೆಯುತ್ತಿರುವ ಹಳೆಯ ಖಾತೆಯಿಂದ ಕಳಿಸುವುದೇ ಒಳ್ಳೆಯದು.

ಮುಖ್ಯ ಅರ್ಜಿ ಫಾರ್ಮ್ ಎ2. ಅದರಲ್ಲಿಯೇ ಎಲ್‌ಆರ್‌ಎಸ್ ಘೋಷಣೆಯೂ ಇರುತ್ತದೆ. ಇದರ ಜೊತೆ ಪ್ಯಾನ್, ವಿದ್ಯಾರ್ಥಿಯ ಪಾಸ್‌ಪೋರ್ಟ್, ಪ್ರವೇಶ ಪತ್ರ, ವಿಶ್ವವಿದ್ಯಾಲಯದ ಶುಲ್ಕದ ಇನ್‌ವಾಯ್ಸ್, ಮತ್ತು ಕಳಿಸುವವರಿಗೂ ವಿದ್ಯಾರ್ಥಿಗೂ ಇರುವ ಸಂಬಂಧದ ಪುರಾವೆ ಬೇಕು. ಈ ಅರ್ಜಿಯಲ್ಲಿ ಎರಡು ಕಡೆ ನಿಧಾನಿಸಿ ಬರೆಯಿರಿ.

ಒಂದು, ಉದ್ದೇಶದ ಸಂಕೇತ. ಓದಿನ ಶುಲ್ಕ, ಹಾಸ್ಟೆಲ್ ಖರ್ಚಿಗೆ `S0305` ಎಂದು ಬರೆಯಬೇಕು. ಮಗ ಅಲ್ಲಿದ್ದಾನೆ, ಅವನ ಊಟದ ಖರ್ಚಿಗೆ ಕಳಿಸುತ್ತಿದ್ದೇವೆ ಎಂದು ಕೆಲವರು ಕುಟುಂಬ ನಿರ್ವಹಣೆಯ ಸಂಕೇತ `S1301` ಹಾಕಿಸುತ್ತಾರೆ. ಅದು ಓದಿನ ಲೆಕ್ಕಕ್ಕೆ ಬರುವುದಿಲ್ಲ, ಹತ್ತು ಲಕ್ಷ ದಾಟಿದರೆ ಓದಿನ ದರದ ಬದಲು ಶೇಕಡಾ 20 ಹಿಡಿಯುತ್ತಾರೆ. ವಿದ್ಯಾರ್ಥಿಯ ದಿನನಿತ್ಯದ ಖರ್ಚೂ ಓದಿನ ಖರ್ಚೇ ಎಂದು ತೆರಿಗೆ ಮಂಡಳಿ 2023ರಲ್ಲಿ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಸಂಕೇತ ಬರೆಯುವುದನ್ನು ಕೌಂಟರಿನವರಿಗೆ ಬಿಟ್ಟುಬಿಡದೆ, ಬರೆದದ್ದನ್ನು ಓದಿ ನೋಡಿ ಸಹಿ ಮಾಡಿ.

ಎರಡು, ಹೆಸರು ಮತ್ತು ವಿಳಾಸ. ನಮ್ಮ ಕಡೆಯ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತವೆ. ಪ್ಯಾನ್‌ನಲ್ಲಿ 'ಖಾದರಸಾಬ', ಆಧಾರ್‌ನಲ್ಲಿ 'ಖಾದರ್ ಸಾಹೇಬ್', ಮಗಳ ಪಾಸ್‌ಪೋರ್ಟಿನ ತಂದೆಯ ಹೆಸರಿನಲ್ಲಿ ಬರೀ 'ಖಾದರ್'. ಊರಿನಲ್ಲಿ ಇದು ಒಬ್ಬನೇ ಮನುಷ್ಯ ಎಂದು ಎಲ್ಲರಿಗೂ ಗೊತ್ತು. ಆದರೆ ದೂರದ ಶಾಖೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತವರಿಗೆ ಅದು ಮೂವರು ಮನುಷ್ಯರು, ಅವರು ಕಾಗದ ಹಿಂದಕ್ಕೆ ಕಳಿಸುತ್ತಾರೆ. ಸಮಯವಿದ್ದರೆ ಆಧಾರ್, ಪ್ಯಾನ್ ತಿದ್ದಿಸಿ. ಇಲ್ಲದಿದ್ದರೆ ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ಮಗಳ ಜನನ ಪ್ರಮಾಣಪತ್ರ ಜೊತೆಗಿಡಿ. ವಿಳಾಸದಲ್ಲಿ ನಮ್ಮ ಊರಿನವರಿಗೆ ಇನ್ನೊಂದು ಎಚ್ಚರಿಕೆ. ಬರೀ 'ಮಂಗಳೂರು' ಎಂದು ಬರೆದರೆ ಎಲ್ಲರೂ ಕಡಲ ತೀರದ ಮಂಗಳೂರೆಂದೇ ತಿಳಿಯುತ್ತಾರೆ. ತಾಲೂಕು, ಕೊಪ್ಪಳ ಜಿಲ್ಲೆ, ಪಿನ್‌ಕೋಡ್ ಮೂರನ್ನೂ ಪ್ರತಿ ಕಾಗದದಲ್ಲೂ ಒಂದೇ ರೀತಿ ಬರೆಯಿರಿ.

ವಿಶ್ವವಿದ್ಯಾಲಯದ ಬ್ಯಾಂಕ್ ವಿವರಗಳನ್ನು ವಿದ್ಯಾರ್ಥಿಯೇ ತನ್ನ ಲಾಗಿನ್‌ನಿಂದ ವಿಶ್ವವಿದ್ಯಾಲಯದ ಪೋರ್ಟಲ್ ತೆರೆದು ತೆಗೆಯಬೇಕು. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ನಂಬಬೇಡಿ. 'ನಮ್ಮ ಖಾತೆ ಬದಲಾಗಿದೆ' ಎಂದು ಈಮೇಲ್ ಬಂದರೆ ಅದು ಮೋಸವಿರಬಹುದೆಂದೇ ತಿಳಿದು ಪೋರ್ಟಲ್‌ನಲ್ಲಿ ಹೋಲಿಸಿ ನೋಡಿ. ಹಣ ಕಳಿಸುವಾಗ ವಿವರಣೆಯ ಜಾಗದಲ್ಲಿ ವಿದ್ಯಾರ್ಥಿಯ ಹೆಸರು ಮತ್ತು ವಿಶ್ವವಿದ್ಯಾಲಯ ಕೊಟ್ಟ ನೋಂದಣಿ ಸಂಖ್ಯೆ ಇರಲೇಬೇಕು. ತಾಯಿಯ ಹೆಸರಿನಿಂದ ಬಂದ ಹಣ ಯಾವ ವಿದ್ಯಾರ್ಥಿಯದು ಎಂದು ಅಲ್ಲಿನವರಿಗೆ ತಿಳಿಯುವುದು ಆ ಸಂಖ್ಯೆಯಿಂದ ಮಾತ್ರ.

ದರ ಮತ್ತು ಕಡಿತ

ಮೊಬೈಲಿನಲ್ಲಿ ನೋಡುವ ಪೌಂಡಿನ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಮಾರುವ ಮಧ್ಯದ ದರ. ಆ ದರಕ್ಕೆ ನಮಗೆ ಪೌಂಡ್ ಸಿಗುವುದಿಲ್ಲ. ಬ್ಯಾಂಕು ಅದರ ಮೇಲೆ ತನ್ನ ಲಾಭ ಸೇರಿಸಿ ಮಾರುವ ದರ ನಿಗದಿ ಮಾಡುತ್ತದೆ. ಬೆಳಿಗ್ಗೆ ಪ್ರಕಟಿಸುವ ದರಕ್ಕೆ ಕಾರ್ಡ್ ರೇಟ್ ಎನ್ನುತ್ತಾರೆ.

ಮೊಬೈಲಿನಲ್ಲಿ 116.50, ಬ್ಯಾಂಕಿನ ಕಾರ್ಡ್ ರೇಟ್ 118.90 ಇದೆ ಎಂದುಕೊಳ್ಳಿ. ದೊಡ್ಡ ಮೊತ್ತಕ್ಕೆ ಶಾಖೆಯವರು ತಮ್ಮ ಟ್ರೆಜರಿಯನ್ನು ಕೇಳಿ ಇದಕ್ಕಿಂತ ಕಡಿಮೆ ದರ ಕೊಡಿಸಲು ಸಾಧ್ಯವಿದೆ, ಕೇಳಿದವರಿಗೆ ಮಾತ್ರ. ಕೇಳಿದ್ದಕ್ಕೆ 118 ಆಯಿತು ಎಂದರೆ ಪೌಂಡಿಗೆ 90 ಪೈಸೆ ಉಳಿಯಿತು. ಹದಿನಾರು ಸಾವಿರ ಪೌಂಡಿಗೆ 14,400 ರೂಪಾಯಿ. ಇದು ಕೇಳುವ ಒಂದು ಮಾತಿನ ಬೆಲೆ. ಆದ್ದರಿಂದ ಎರಡು ಕಡೆ ವಿಚಾರಿಸಿ. ಕೇಳುವಾಗ 'ಚಾರ್ಜು ಎಷ್ಟು' ಎಂದು ಮಾತ್ರ ಕೇಳಬೇಡಿ. 'ಚಾರ್ಜೇ ಇಲ್ಲ' ಎನ್ನುವ ಕಡೆ ದರ ಹೆಚ್ಚಿರಬಹುದು. '16,000 ಪೌಂಡ್ ಅಲ್ಲಿ ಮುಟ್ಟಲು ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ' ಎಂದು ಕೇಳಿ. ಆ ಒಂದು ಅಂಕಿಯಿಂದಲೇ ಹೋಲಿಕೆ ಮಾಡಬಹುದು.

ವಿನಿಮಯದ ಸೇವೆಗೆ ಜಿಎಸ್‌ಟಿ ಇದೆ, ಆದರೆ ಅದು ಸಣ್ಣದು. ನಮ್ಮ ಲೆಕ್ಕದ 4,72,000 ರೂಪಾಯಿಗೆ ಸುಮಾರು 515 ರೂಪಾಯಿ, 14,16,000 ರೂಪಾಯಿಗೆ ಸುಮಾರು 1,065 ರೂಪಾಯಿ ಆಗುತ್ತದೆ. ಶುಲ್ಕದ ಪೂರ್ತಿ ಹಣದ ಮೇಲೆ ಶೇಕಡಾ 18 ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ.

ನಿಜವಾದ ತೊಂದರೆ ಕೊಡುವುದು ದಾರಿಯಲ್ಲಿನ ಕಡಿತ. ನಮ್ಮ ಬ್ಯಾಂಕಿನಿಂದ ಹೊರಟ ಹಣ ಹಲವು ಸಲ ನಡುವೆ ಇನ್ನೊಂದು ಬ್ಯಾಂಕನ್ನು ದಾಟಿ ಹೋಗುತ್ತದೆ. ಆ ಬ್ಯಾಂಕು ತನ್ನ ಕೂಲಿಯನ್ನು ಸಾಗುತ್ತಿರುವ ಹಣದಿಂದಲೇ ಹಿಡಿದುಕೊಳ್ಳಬಹುದು. ನಾವು 4,000 ಪೌಂಡ್ ಕಳಿಸಿದರೆ ಅಲ್ಲಿ 3,985 ಮುಟ್ಟುತ್ತದೆ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಕಂತು ಪೂರ್ತಿಯಾಗಿಲ್ಲ, ಹದಿನೈದು ಪೌಂಡಿಗಾಗಿ ಸಿಎಎಸ್ ನಿಲ್ಲುತ್ತದೆ. ಅರ್ಜಿಯಲ್ಲಿ ಚಾರ್ಜಿನ ಜಾಗದಲ್ಲಿ `SHA` ಎಂದಿದ್ದರೆ ಹೀಗಾಗುತ್ತದೆ. `OUR` ಎಂದು ಬರೆಸಿದರೆ ಎಲ್ಲ ಖರ್ಚು ಕಳಿಸುವವರ ಮೇಲೆ ಬರುತ್ತದೆ, ಶುಲ್ಕ ಪೂರ್ತಿ ಮುಟ್ಟುವಂತೆ ಕಳಿಸುವ ಕ್ರಮ ಅದೇ. ಇನ್‌ವಾಯ್ಸ್ ಪೌಂಡಿನಲ್ಲಿದ್ದರೆ ಪೌಂಡಿನಲ್ಲೇ ಕಳಿಸಿ. ಡಾಲರಿನಲ್ಲಿ ಕಳಿಸಿದರೆ ಅಲ್ಲಿ ಇನ್ನೊಮ್ಮೆ ಬದಲಾಗಿ ಮೊತ್ತ ಹೊಂದುವುದಿಲ್ಲ.

ಕಟ್ಟಿದ್ದಕ್ಕೆ ಪುರಾವೆ

ಹಣ ಹೋದ ಮೇಲೆ ಮೂರು ಕಾಗದಗಳು ಕೈಗೆ ಬರಬೇಕು. ಮೊದಲನೆಯದು ನಮ್ಮ ಬ್ಯಾಂಕಿನ ಡೆಬಿಟ್ ಅಡ್ವೈಸ್. ಅದರಲ್ಲಿ ರೂಪಾಯಿ, ದರ, ಜಿಎಸ್‌ಟಿ, ಟಿಸಿಎಸ್ ಬೇರೆಬೇರೆಯಾಗಿ ಕಾಣಬೇಕು. ಎರಡನೆಯದು ಸ್ವಿಫ್ಟ್ ಪ್ರತಿ. ಅದರಲ್ಲಿ ಕಳಿಸಿದವರು, ಪಡೆಯುವವರು, ಮೊತ್ತ, ಚಾರ್ಜಿನ ಸಂಕೇತ, ಮತ್ತು `UETR` ಎಂಬ ಹೆಸರಿನ 36 ಅಕ್ಷರಗಳ ಉದ್ದನೆಯ ಸಂಖ್ಯೆ ಇರುತ್ತದೆ. ಅಂಚೆಯ ರಿಜಿಸ್ಟರ್ ಸಂಖ್ಯೆಯಂತೆ, ಹಣ ಎಲ್ಲಿದೆ ಎಂದು ಬ್ಯಾಂಕಿನವರು ಇದರಿಂದ ಹುಡುಕುತ್ತಾರೆ.

ಈ ಎರಡೂ ಹೇಳುವುದು ನಾವು ಕಳಿಸಿದೆವು ಎಂದು ಮಾತ್ರ. ಮುಟ್ಟಿತು ಎಂದು ಹೇಳುವುದು ಮೂರನೆಯ ಕಾಗದ, ಅಂದರೆ ವಿಶ್ವವಿದ್ಯಾಲಯದ ರಸೀದಿ ಅಥವಾ ಪೋರ್ಟಲ್‌ನಲ್ಲಿ ಬಾಕಿ ಇಳಿದಿರುವುದು. ಅದು ಬರುವವರೆಗೆ ಕೆಲಸ ಮುಗಿದಿಲ್ಲ. ಐದಾರು ಕೆಲಸದ ದಿನಗಳಾದರೂ ಪೋರ್ಟಲ್‌ನಲ್ಲಿ ಕಾಣದಿದ್ದರೆ ಎರಡು ಕೆಲಸ ಒಟ್ಟಿಗೆ ಮಾಡಿ. ವಿದ್ಯಾರ್ಥಿ ವಿಶ್ವವಿದ್ಯಾಲಯದ ಹಣಕಾಸು ವಿಭಾಗಕ್ಕೆ ದಿನಾಂಕ, ಮೊತ್ತ, ಕಳಿಸಿದವರ ಹೆಸರು, ನೋಂದಣಿ ಸಂಖ್ಯೆ ಬರೆದು ಸ್ವಿಫ್ಟ್ ಪ್ರತಿ ಲಗತ್ತಿಸಲಿ. ಪಾಲಕರು ಬ್ಯಾಂಕಿಗೆ ಹೋಗಿ ಆ ಉದ್ದನೆಯ ಸಂಖ್ಯೆಯಿಂದ ಹಣ ಎಲ್ಲಿದೆ ಎಂದು ಹುಡುಕಿಸಲಿ. ಜಮಾ ಆಗಿದೆ ಎಂದು ಬಂದರೆ ತೊಂದರೆ ವಿಶ್ವವಿದ್ಯಾಲಯದ ಲೆಕ್ಕದಲ್ಲಿದೆ. ದಾರಿಯಲ್ಲಿದೆ ಎಂದು ಬಂದರೆ ನಡುವಿನ ಬ್ಯಾಂಕು ಏನೋ ವಿವರಣೆ ಕೇಳುತ್ತಿದೆ ಎಂದು ಅರ್ಥ. ಗಾಬರಿಯಿಂದ ಎರಡನೇ ಸಲ ಹಣ ಕಳಿಸಬೇಡಿ.

ಈ ಮೂರನೆಯ ಕಾಗದಕ್ಕೆ ವೀಸಾದಲ್ಲೂ ಬೆಲೆ ಇದೆ. ಇಂಗ್ಲೆಂಡಿನ ವಿದ್ಯಾರ್ಥಿ ವೀಸಾಕ್ಕೆ ಬಾಕಿ ಶುಲ್ಕ ಮತ್ತು ಜೀವನ ವೆಚ್ಚದ ಹಣ ಸತತ 28 ದಿನ ಖಾತೆಯಲ್ಲಿ ಇದ್ದುದನ್ನು ತೋರಿಸಬೇಕು. ಕಟ್ಟಿದ 4,000 ಪೌಂಡ್ ಸಿಎಎಸ್‌ನಲ್ಲಿ ನಮೂದಾಗಿದ್ದರೆ ತೋರಿಸಬೇಕಾದ ಹಣ ಅಷ್ಟು ಕಡಿಮೆಯಾಗುತ್ತದೆ. ಕಟ್ಟಿ ನಮೂದಾಗದಿದ್ದರೆ ಅಧಿಕೃತ ರಸೀದಿ ಬೇಕು. ಅದೂ ಇಲ್ಲವೆಂದರೆ ಹಣ ಹೋಗಿಯೂ ಆಯಿತು, ಮತ್ತೆ ಅಷ್ಟೇ ತೋರಿಸಬೇಕೂ ಆಯಿತು. ಇನ್ನೊಂದು, ಆ 28 ದಿನಗಳ ನಡುವೆ ಅದೇ ಖಾತೆಯಿಂದ ಇನ್ನೊಂದು ಕಂತು ಕಟ್ಟಿದರೆ ಉಳಿಕೆ ಇಳಿಯುತ್ತದೆ. ಇಳಿದದ್ದು ಬೇಕಾದ ಮೊತ್ತಕ್ಕಿಂತ ಒಂದು ದಿನ ಕಡಿಮೆಯಾದರೂ ಎಣಿಕೆ ಮೊದಲಿನಿಂದ. ಆದ್ದರಿಂದ ಮೊದಲ ಕಂತು ಕಟ್ಟಿ, ಅದು ನಮೂದಾದ ಮೇಲೆ ಉಳಿದ ಹಣವನ್ನು ಮುಟ್ಟದೆ 28 ದಿನ ಇಟ್ಟು ಅರ್ಜಿ ಹಾಕುವುದು ಸರಿಯಾದ ಕ್ರಮ.

ವೀಸಾ ಸಿಗದೇ ಹೋದರೆ ವಿಶ್ವವಿದ್ಯಾಲಯವು ತನ್ನ ನಿಯಮದ ಪ್ರಕಾರ ಹಣ ಮರಳಿಸುತ್ತದೆ. ಸಾಮಾನ್ಯವಾಗಿ ಯಾರ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಮರಳುತ್ತದೆ. ಮೊದಲಿಗೆ ನಾವು 'ಯಾರ ಹೆಸರಿನಿಂದ' ಎಂದು ಅಷ್ಟು ಹೊತ್ತು ಮಾತಾಡಿದ್ದಕ್ಕೆ ಇದೂ ಒಂದು ಕಾರಣ. ತಾಯಿ ಕಳಿಸಿದ್ದರೆ ತಾಯಿಗೆ ಬರುತ್ತದೆ. ಏಜೆಂಟರು ತಮ್ಮ ಹೆಸರಿನಿಂದ ಕಟ್ಟಿದ್ದರೆ ಏಜೆಂಟರಿಗೆ ಹೋಗುತ್ತದೆ, ಆಮೇಲೆ ಅವರ ಬಾಗಿಲು ಕಾಯಬೇಕು. ಮರಳಿ ಬರುವಾಗ ಬ್ಯಾಂಕು ಪೌಂಡನ್ನು ಕೊಳ್ಳುವ ದರ ಹಾಕುತ್ತದೆ, ಅದು ಮಾರುವ ದರಕ್ಕಿಂತ ಕಡಿಮೆ. 118ಕ್ಕೆ ಕಳಿಸಿದ್ದು 115ಕ್ಕೆ ಮರಳಿದರೆ 4,000 ಪೌಂಡಿಗೆ 12,000 ರೂಪಾಯಿ ಕಡಿಮೆ ಬರುತ್ತದೆ. ಇದನ್ನು ತಪ್ಪಿಸಲಾಗದು. ಹಾಗಾಗಿ ವೀಸಾ ಆಗುವ ಮೊದಲು ಕೇಳಿದಷ್ಟು ಕಂತು ಮಾತ್ರ ಕಟ್ಟಿ, ಪೂರ್ತಿ ಶುಲ್ಕ ಮುಂಗಡ ಕಟ್ಟಬೇಡಿ.

ವಿದ್ಯಾರ್ಥಿವೇತನ ಪಡೆಯುವವರಿಗೆ ಸೂಚನೆ

ಹೊರದೇಶದ ಓದಿಗೆ ಅರ್ಜಿ ಹಾಕುವವರು ಪ್ರವೇಶ ಪತ್ರ, ಪೋರ್ಟಲ್‌ನಿಂದ ತೆಗೆದ ಇನ್‌ವಾಯ್ಸ್, ಹಣ ಕಳಿಸುವವರ ಪ್ಯಾನ್ ಪ್ರತಿ, ವಿದ್ಯಾರ್ಥಿಯ ಸ್ವಂತ ಖಾತೆಯ ಪಾಸ್‌ಬುಕ್ ಪ್ರತಿ ಕೊಡಬೇಕು. ಹಣ ಪಡೆದ ಮೇಲೆ ಈಗ ಹೇಳಿದ ಮೂರು ಕಾಗದಗಳ ಪ್ರತಿಯನ್ನು ಟ್ರಸ್ಟಿಗೆ ತಲುಪಿಸಬೇಕು. ಇದು ಅಪನಂಬಿಕೆಯಿಂದ ಕೇಳುವುದಲ್ಲ. ದಾನಿಗಳು ಕೊಟ್ಟ ಹಣ ಓದಿಗೇ ಮುಟ್ಟಿತು ಎಂದು ಲೆಕ್ಕಪರಿಶೋಧಕರಿಗೆ ತೋರಿಸುವುದು ಆ ಕಾಗದಗಳಿಂದಲೇ. ಅವು ಕೈಯಲ್ಲಿದ್ದರೆ ನಿಮ್ಮ ಮುಂದಿನ ಕಂತಿಗೂ, ರಿಟರ್ನಿಗೂ, ವೀಸಾಕ್ಕೂ ಅವೇ ಸಾಕ್ಷಿ.

ದರ, ಮಿತಿ, ತೆರಿಗೆಯ ಪ್ರಮಾಣ ಬಜೆಟ್ಟಿನಲ್ಲಿ ಬದಲಾಗುತ್ತವೆ. ನಾವು ಹೇಳಿದ ಅಂಕಿಗಳು 2025-26ನೇ ಆರ್ಥಿಕ ವರ್ಷದವು. ಹಣ ಕಳಿಸುವ ವರ್ಷದ ಅಂಕಿಗಳನ್ನು ಬ್ಯಾಂಕಿನಲ್ಲಿ ಕೇಳಿ ಈ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ. ಕಾಗದ ತುಂಬುವಾಗ ಅನುಮಾನ ಬಂದರೆ ಸಹಿ ಮಾಡುವ ಮೊದಲು ಟ್ರಸ್ಟಿನ ಕಚೇರಿಗೆ ತನ್ನಿ, ಕೂತು ನೋಡೋಣ.